ಅಡಿಕೆ ಮಂಡಿಯಿಂದ ಫೌಂಡ್ರಿಗೆ: ‘ನಿಮ್ಮ ಬಗ್ಗೆ ಹೇಳಿ’ ಎಂಬ ಪ್ರಶ್ನೆಗೆ ಒಬ್ಬ ಅಭ್ಯರ್ಥಿಯ ಉತ್ತರ ರೂಪುಗೊಂಡ ಬಗೆ

ಈ ಪ್ರಕರಣದ ಅಭ್ಯರ್ಥಿ ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯೊಂದರ ಯುವತಿ. ಕುವೆಂಪು ವಿಶ್ವವಿದ್ಯಾಲಯದಿಂದ 2019ರಲ್ಲಿ ಬಿ.ಕಾಂ. ಪದವಿ ಪಡೆದು, ತೀರ್ಥಹಳ್ಳಿಯಲ್ಲೇ ತೆರಿಗೆ ಸಲಹೆಗಾರರೊಬ್ಬರ ಕಚೇರಿಯಲ್ಲಿ ಎರಡು ವರ್ಷ ಕೆಲಸ ಮಾಡಿದವರು. ಆಮೇಲೆ ತಂದೆಯವರ ಶಸ್ತ್ರಚಿಕಿತ್ಸೆಯ ಕಾರಣ ಒಂದು ವರ್ಷ ಮನೆಯಲ್ಲಿದ್ದು ತೋಟದ ಹೊಣೆ ಹೊತ್ತರು. 2022ರಿಂದ ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದರು. ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಫೌಂಡ್ರಿ ಲೆಕ್ಕಪತ್ರ ವಿಭಾಗಕ್ಕೆ ಸಿಬ್ಬಂದಿ ಬೇಕೆಂದು ಪ್ರಕಟಿಸಿದಾಗ ಅರ್ಜಿ ಹಾಕಿದರು, ಸಂದರ್ಶನಕ್ಕೆ ಕರೆ ಬಂತು. ಕಾಲೇಜಿನಲ್ಲಿ ಅವರಿಗೆ ವಾಣಿಜ್ಯಶಾಸ್ತ್ರ ಕಲಿಸಿದವನೆಂಬ ಸಲುಗೆಯಿಂದ, ತಯಾರಿಯಲ್ಲಿ ನೆರವಾಗಬೇಕೆಂದು ನನ್ನನ್ನು ಕೇಳಿಕೊಂಡರು. ಗುರುತು ಸಿಗಬಾರದೆಂದು ಅವರ ಹೆಸರನ್ನೂ ಎರಡೂ ಸಂಸ್ಥೆಗಳ ಹೆಸರನ್ನೂ ಇಲ್ಲಿ ಕೊಟ್ಟಿಲ್ಲ.

ಜಿಎಸ್‌ಟಿ, ಟ್ಯಾಲಿ, ಬ್ಯಾಂಕ್ ಲೆಕ್ಕದ ತಾಳೆ, ಇವುಗಳ ಬಗ್ಗೆ ಏನು ಕೇಳಿದರೂ ಅವರು ತಡವರಿಸದೆ ಹೇಳುತ್ತಿದ್ದರು. ತೊಡಕು ಇದ್ದದ್ದು ಮೊದಲನೆಯ ಪ್ರಶ್ನೆಯಲ್ಲಿ. ‘ನಿಮ್ಮ ಬಗ್ಗೆ ಸ್ವಲ್ಪ ಹೇಳಿ’ ಎಂದೊಡನೆ ಅವರ ಧ್ವನಿಯೇ ಬದಲಾಗುತ್ತಿತ್ತು. ಆದ್ದರಿಂದ ಈ ಅಧ್ಯಯನವನ್ನು ಆ ಒಂದು ಉತ್ತರಕ್ಕೆ ಸೀಮಿತಗೊಳಿಸಿದ್ದೇನೆ.

ಮೊದಲ ಉತ್ತರ

ಮೊದಲ ದಿನ ಯಾವ ಸೂಚನೆಯನ್ನೂ ಕೊಡದೆ ಪ್ರಶ್ನೆ ಕೇಳಿ, ಅವರ ಒಪ್ಪಿಗೆಯಿಂದ ಉತ್ತರವನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡೆ. ಉತ್ತರ ಸುಮಾರು ಎರಡೂವರೆ ನಿಮಿಷ ನಡೆಯಿತು. ಹೆಸರು ಮತ್ತು ಊರಿನಿಂದ ಆರಂಭವಾಗಿ, ‘ನಮ್ಮ ತಂದೆಯವರು ಕೃಷಿಕರು, ತಾಯಿ ಗೃಹಿಣಿ, ಒಬ್ಬ ತಮ್ಮ ಇದ್ದಾನೆ, ಅವನು ಡಿಪ್ಲೊಮಾ ಓದ್ತಿದ್ದಾನೆ’ ಎಂದು ಮುಂದುವರಿದು, ಎಸ್ಸೆಸ್ಸೆಲ್ಸಿ, ಪಿಯುಸಿ, ಪದವಿಗಳಲ್ಲಿ ಓದಿದ ಸಂಸ್ಥೆ ಮತ್ತು ಪಡೆದ ಅಂಕಗಳನ್ನು ಹಾದು, ಓದುವುದು ಮತ್ತು ರಂಗೋಲಿ ಹಾಕುವುದು ತನ್ನ ಹವ್ಯಾಸಗಳೆಂದೂ, ಕಷ್ಟಪಟ್ಟು ದುಡಿಯುವುದು ಮತ್ತು ಪ್ರಾಮಾಣಿಕತೆ ತನ್ನ ಗುಣಗಳೆಂದೂ ತಿಳಿಸಿ, ಕೊನೆಯಲ್ಲಿ ‘ಈಗ ಶಿವಮೊಗ್ಗದಲ್ಲಿ ಮಂಡಿಯಲ್ಲಿ ಕೆಲಸ ಮಾಡ್ತಿದ್ದೀನಿ ಸರ್, ಥ್ಯಾಂಕ್ಯೂ’ ಎಂದು ಮುಗಿಯಿತು.

ಮುದ್ರಿಕೆಯನ್ನು ಇಬ್ಬರೂ ಕೂತು ಮತ್ತೆ ಕೇಳಿದೆವು. ಅವರ ಕೆಲಸಕ್ಕೆ ಸಂಬಂಧಿಸಿದ ಮೊದಲ ಮಾತು ಬರುವ ಹೊತ್ತಿಗೆ ಎರಡು ನಿಮಿಷ ದಾಟಿತ್ತು, ಮತ್ತು ಆ ಮಾತು ಒಂದೇ ವಾಕ್ಯದಲ್ಲಿ ತೀರಿಹೋಗಿತ್ತು. ಹತ್ತು ವರ್ಷದ ಹಿಂದಿನ ಎಸ್ಸೆಸ್ಸೆಲ್ಸಿ ಅಂಕಕ್ಕೆ ಸಿಕ್ಕ ಸಮಯ ಮೂರು ವರ್ಷದ ಮಂಡಿಯ ಅನುಭವಕ್ಕೆ ಸಿಕ್ಕಿರಲಿಲ್ಲ.

ಈ ಉತ್ತರವನ್ನು ದಡ್ಡತನವೆಂದು ತಳ್ಳಿಹಾಕುವುದು ಅನ್ಯಾಯ. ನಮ್ಮ ಮಲೆನಾಡಿನಲ್ಲಿ ಒಬ್ಬರನ್ನು ಪರಿಚಯ ಮಾಡಿಕೊಳ್ಳುವ ಕ್ರಮವೇ ಹೀಗಿದೆ. ಮದುವೆಮನೆಯಲ್ಲಿ ಪಕ್ಕದಲ್ಲಿ ಕೂತವರು ‘ಯಾವೂರಾಯ್ತು, ಯಾರ ಮನೆ’ ಎಂದೇ ಮಾತು ತೆಗೆಯುತ್ತಾರೆ. ಊರು ಮತ್ತು ಮನೆ ಗೊತ್ತಾದ ಮೇಲೆ ಉಳಿದ ಮಾತು. ‘ನಿಮ್ಮ ಬಗ್ಗೆ ಹೇಳಿ’ ಎಂಬ ಮಾತು ಈ ಕಿವಿಗೆ ಬಿದ್ದಾಗ ಇದೇ ಉತ್ತರ ಹೊರಬರುವುದು ಸಹಜ. ಆದರೆ ಸಂದರ್ಶಕರ ಮೇಜಿನ ಮೇಲೆ ಬಯೋಡೇಟಾ ಇರುತ್ತದೆ, ಅದರಲ್ಲಿ ಊರು, ಅಂಕ, ವಿಳಾಸ ಎಲ್ಲವೂ ಇವೆ. ಅವರು ಕೇಳುತ್ತಿರುವುದು ಅದನ್ನು ಓದಿ ಹೇಳಿ ಎಂದಲ್ಲ. ‘ಈ ಕೆಲಸಕ್ಕೆ ಬೇಕಾದ್ದನ್ನು ನೀವು ಈಗಾಗಲೇ ಎಷ್ಟು ಮಾಡಿದ್ದೀರಿ, ಎಲ್ಲಿಂದ ನಿಮ್ಮನ್ನು ಪ್ರಶ್ನೆ ಮಾಡಲು ಶುರುಮಾಡಲಿ’ ಎಂಬುದು ಆ ಪ್ರಶ್ನೆಯ ಒಳಗಿನ ಪ್ರಶ್ನೆ. ಇದನ್ನು ಅವರಿಗೆ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದ್ರೆ ಮನೆ ವಿಷಯ ಹೇಳ್ಲೇಬಾರದಾ ಸರ್?’ ಎಂದು ಕೇಳಿದರು. ಅವರಾಗಿ ಕೇಳಿದರೆ ಒಂದು ವಾಕ್ಯದಲ್ಲಿ ಹೇಳು, ನೀನಾಗಿ ಅಲ್ಲಿಂದ ಶುರುಮಾಡಬೇಡ ಎಂದು ಉತ್ತರಿಸಿದೆ.

ಪ್ರಕಟಣೆಯನ್ನು ಓದಿದ ಕ್ರಮ

ಉತ್ತರವನ್ನು ಬರೆಯುವ ಮೊದಲು ಫೌಂಡ್ರಿಯ ಪ್ರಕಟಣೆಯನ್ನು ಮುಂದಿಟ್ಟುಕೊಂಡೆವು. ಅದರಲ್ಲಿ ನಾಲ್ಕು ಅಪೇಕ್ಷೆಗಳಿದ್ದವು: ಖರೀದಿ ಬಿಲ್ಲುಗಳನ್ನು ಟ್ಯಾಲಿಯಲ್ಲಿ ದಾಖಲಿಸುವುದು, ತಿಂಗಳ ಜಿಎಸ್‌ಟಿ ರಿಟರ್ನಿಗೆ ಲೆಕ್ಕ ಸಿದ್ಧಪಡಿಸುವುದು, ಸರಬರಾಜುದಾರರೊಂದಿಗೆ ಲೆಕ್ಕ ತಾಳೆ ನೋಡುವುದು, ಮತ್ತು ಜಾಬ್ ವರ್ಕಿಗೆ ಹೊರಗೆ ಕಳಿಸಿದ ಮಾಲಿನ ದಾಖಲೆ ಇಡುವುದು. ಹಾಳೆಯ ಒಂದು ಬದಿಯಲ್ಲಿ ಇವನ್ನು ಬರೆದು, ಇನ್ನೊಂದು ಬದಿಯಲ್ಲಿ ಮಂಡಿಯಲ್ಲಿ ಅವರು ನಿಜವಾಗಿ ಮಾಡುವ ಕೆಲಸಗಳನ್ನು ಬರೆಯಲು ಹೇಳಿದೆ. ‘ಲೆಕ್ಕಪತ್ರ ನಿರ್ವಹಣೆ’ ಎಂಬಂತಹ ದೊಡ್ಡ ಮಾತು ಬೇಡ, ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದ ಮೇಲೆ ಏನು ಮಾಡುತ್ತೀ ಅದನ್ನು ಬರೆ ಎಂದೆ.

ಹೀಗೆ ಬರೆಯುವಾಗಲೇ, ಅವರು ತಾವಾಗಿ ಎಂದೂ ಹೇಳಿಕೊಳ್ಳದಿದ್ದ ಒಂದು ಕೆಲಸ ಹೊರಬಂತು. ಅವರ ಮಂಡಿ ಬೆಳೆಗಾರರ ಅಡಿಕೆಯನ್ನು ಮಾರಿಕೊಡುವುದರ ಜೊತೆಗೆ ಸ್ವಂತ ವ್ಯಾಪಾರವನ್ನೂ ಮಾಡುತ್ತಿತ್ತು. ಬೇರೆ ವ್ಯಾಪಾರಿಗಳಿಂದ ಕೊಂಡ ಅಡಿಕೆ, ಗೋಣಿಚೀಲ, ಲಾರಿ ಬಾಡಿಗೆ ಎಲ್ಲ ಸೇರಿ ತಿಂಗಳಿಗೆ ನೂರರ ಆಸುಪಾಸಿನಲ್ಲಿ ತೆರಿಗೆ ಬಿಲ್ಲುಗಳು ಬರುತ್ತಿದ್ದವು. 2022ರ ಜನವರಿಯಿಂದ, ಬಿಲ್ಲು ಕೊಟ್ಟವರು ಅದನ್ನು ತಮ್ಮ ರಿಟರ್ನಿನಲ್ಲಿ ತೋರಿಸಿ ಅದು ಕೊಂಡವರ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಕಾಣಿಸಿಕೊಂಡರೆ ಮಾತ್ರ ಕೊಂಡವರಿಗೆ ಆ ತೆರಿಗೆಯ ಕ್ರೆಡಿಟ್, ಅಂದರೆ ಅದನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ, ಸಿಗುತ್ತದೆ. ಈ ಪಟ್ಟಿ ಸಾಮಾನ್ಯವಾಗಿ ಮುಂದಿನ ತಿಂಗಳ 14ಕ್ಕೆ ಸಿದ್ಧವಾಗುತ್ತದೆ. ಪ್ರತಿ ತಿಂಗಳೂ ರಿಟರ್ನ್ ಸಲ್ಲಿಸುವವರು ತೆರಿಗೆ ಕಟ್ಟುವ ರಿಟರ್ನಾದ 3ಬಿ ಸಲ್ಲಿಸಬೇಕಾದ್ದು 20ರೊಳಗೆ. ನಡುವೆ ಉಳಿಯುವುದು ಐದಾರು ದಿನ. ಅವರು ಸೇರುವ ಮೊದಲು ಮಂಡಿಯಲ್ಲಿ ಈ ತಾಳೆಯನ್ನು ವರ್ಷಾಂತ್ಯದಲ್ಲಿ ಒಟ್ಟಿಗೆ ನೋಡುತ್ತಿದ್ದರು. ಇವರು ಬಂದ ಮೇಲೆ ಪ್ರತಿ ತಿಂಗಳೂ 14ರ ಮರುದಿನವೇ ಪಟ್ಟಿಯನ್ನು ಇಳಿಸಿಕೊಂಡು, ಟ್ಯಾಲಿಯ ಖರೀದಿ ದಾಖಲೆಯ ಪಕ್ಕದಲ್ಲಿಟ್ಟು, ಬಾರದ ಬಿಲ್ಲುಗಳನ್ನು ಗುರುತು ಮಾಡಿ, ಆಯಾ ವ್ಯಾಪಾರಿಗೆ ಫೋನ್ ಮಾಡತೊಡಗಿದರು. ಮೊದಲು ತಿಂಗಳಿಗೆ ಇಪ್ಪತ್ತು ಇಪ್ಪತ್ತೈದು ಬಿಲ್ಲುಗಳು ತಾಳೆಯಾಗದೆ ಉಳಿಯುತ್ತಿದ್ದದ್ದು ಕ್ರಮೇಣ ಮೂರು ನಾಲ್ಕಕ್ಕೆ ಇಳಿಯಿತು.

ಇಷ್ಟು ಕೆಲಸ ಮಾಡಿದವರು ಮೊದಲ ಉತ್ತರದಲ್ಲಿ ಅದನ್ನೇಕೆ ಹೇಳಲಿಲ್ಲ ಎಂದು ಕೇಳಿದೆ. ‘ಅದು ದಿನಾ ಮಾಡೋ ಕೆಲಸ ಅಲ್ವಾ ಸರ್, ಅದ್ರಲ್ಲಿ ಹೇಳ್ಕೊಳೋದೇನಿದೆ’ ಎಂದರು. ಒಳ್ಳೆಯ ಕೆಲಸಗಾರರು ಸಂದರ್ಶನದಲ್ಲಿ ಸಪ್ಪೆಯಾಗಿ ಕಾಣುವುದಕ್ಕೆ ನಾನು ಕಂಡಂತೆ ಮುಖ್ಯ ಕಾರಣ ಇದೇ. ಕೈಗೆ ಒಗ್ಗಿಹೋದ ಕೆಲಸ ಮಾಡುವವರ ಕಣ್ಣಿಗೇ ಬೀಳುವುದಿಲ್ಲ. ಫೌಂಡ್ರಿಯ ದೃಷ್ಟಿಯಿಂದ ನೋಡಿದರೆ ಇದಕ್ಕಿಂತ ಬೇಕಾದ ಅನುಭವ ಬೇರೆ ಇರಲಿಲ್ಲ. ಗುಜರಿ ಕಬ್ಬಿಣ, ಮರಳು, ಬೈಂಡರು, ಬಿಡಿಭಾಗ ಎಂದು ಹತ್ತಾರು ಸಣ್ಣ ಸರಬರಾಜುದಾರರಿಂದ ಕೊಳ್ಳುವ ಘಟಕದಲ್ಲಿ ಯಾರೋ ಒಬ್ಬರು ರಿಟರ್ನ್ ಸಲ್ಲಿಸದೆ ಉಳಿದರೂ ಅವರ ಬಿಲ್ಲುಗಳ ಆ ತಿಂಗಳ ಕ್ರೆಡಿಟ್ ಸಿಕ್ಕಿಹಾಕಿಕೊಳ್ಳುತ್ತದೆ.

ನಾಲ್ಕನೆಯ ಅಪೇಕ್ಷೆಯಾದ ಜಾಬ್ ವರ್ಕ್ ದಾಖಲೆಯ ಎದುರಿಗೆ ಮಾತ್ರ ಹಾಳೆ ಖಾಲಿ ಇತ್ತು. ಫೌಂಡ್ರಿಯಲ್ಲಿ ಎರಕ ಹೊಯ್ದ ಭಾಗಗಳನ್ನು ಮೆಷಿನಿಂಗಿಗೆಂದು ಹೊರಗಿನ ವರ್ಕ್‌ಶಾಪಿಗೆ ಚಲನ್ ಮೇಲೆ ಕಳಿಸುತ್ತಾರೆ. ಜಿಎಸ್‌ಟಿ ಕಾಯ್ದೆಯಂತೆ ಆ ಮಾಲು ಒಂದು ವರ್ಷದೊಳಗೆ ವಾಪಸಾಗಬೇಕು, ಇಲ್ಲವೇ ಅಲ್ಲಿಂದಲೇ ಮಾರಾಟವಾಗಿರಬೇಕು. ತಪ್ಪಿದರೆ ಕಳಿಸಿದ ದಿನವೇ ಮಾರಿದಂತೆ ಎಣಿಸಿ ತೆರಿಗೆ ಕಟ್ಟಬೇಕಾಗುತ್ತದೆ. ಈ ಕೆಲಸವನ್ನು ಅವರು ಮಾಡಿರಲಿಲ್ಲ. ಮಾಡಿದ್ದೇನೆಂದು ಸೂಚಿಸುವ ಯಾವ ಮಾತೂ ಬೇಡ, ಮಾಡಿಲ್ಲವೆಂದು ತನ್ನ ಬಗ್ಗೆ ಹೇಳುವ ಸಾರಾಂಶದಲ್ಲೇ ಮುಂದಾಗಿ ಒಪ್ಪಿಸುವುದೂ ಬೇಡ, ಆದರೆ ಕೇಳಿದಾಗ ಹೇಳಲು ಒಂದು ನೇರ ಉತ್ತರ ಸಿದ್ಧವಿರಬೇಕು ಎಂದು ತೀರ್ಮಾನಿಸಿದೆವು. ಆ ಉತ್ತರವನ್ನು ಅವರೇ ಕಂಡುಕೊಂಡದ್ದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ. ಮಂಡಿಯ ಗೋದಾಮಿನಲ್ಲಿ ಬೆಳೆಗಾರರ ಅಡಿಕೆ ಇರುತ್ತದೆ, ಅದು ಮಂಡಿಯದಲ್ಲ; ಯಾರದು, ಎಷ್ಟು ಚೀಲ, ಎಂದು ಬಂತು, ಎಂದು ಹೋಯಿತು ಎಂಬ ಲೆಕ್ಕವನ್ನು ಮಾರಾಟದ ಲೆಕ್ಕದಿಂದ ಬೇರೆಯಾಗಿ ಇಡಬೇಕು. ಜಾಬ್ ವರ್ಕಿನಲ್ಲಿ ಇದೇ ತಿರುಗುಮುರುಗಾಗಿ, ನಮ್ಮ ಮಾಲು ಬೇರೆಯವರ ಶೆಡ್ಡಿನಲ್ಲಿರುತ್ತದೆ. ‘ಚಲನ್ ನಮೂನೆ ನಾನು ಕಲಿಯಬೇಕು, ಆದರೆ ಮಾರಾಟವಾಗದ ಮಾಲಿನ ಪ್ರಮಾಣ ಲೆಕ್ಕ ಇಡುವುದು ನನಗೆ ಅಭ್ಯಾಸವಿದೆ’ ಎಂಬ ಮಾತು ಹೀಗೆ ಸಿಕ್ಕಿತು.

ಎರಡನೆಯ ಉತ್ತರ ಹಾಗೂ ಅದರ ಕೊರತೆ

ಮುಂದಿನ ಭೇಟಿಗೆ ಅವರು ಬರೆದುಕೊಂಡು ಬಂದ ಉತ್ತರದಲ್ಲಿ ವಿಷಯಗಳೆಲ್ಲ ಸರಿಯಾಗಿದ್ದವು. ಆದರೆ ಅದನ್ನು ಎಲ್ಲಿಂದಲೋ ಸಿಕ್ಕ ಮಾದರಿಯ ಅಚ್ಚಿಗೆ ಹೊಯ್ದಿದ್ದರು. ‘ನಾನು ಲೆಕ್ಕಪತ್ರ ಕ್ಷೇತ್ರದಲ್ಲಿ ಐದು ವರ್ಷಗಳ ಅನುಭವವುಳ್ಳ ಫಲಿತಾಂಶ ಆಧಾರಿತ ವೃತ್ತಿಪರಳಾಗಿದ್ದು, ತೆರಿಗೆ ಅನುಸರಣೆಯಲ್ಲಿ ಗಣನೀಯ ಸುಧಾರಣೆಯನ್ನು ಸಾಧಿಸಿರುತ್ತೇನೆ’ ಎಂದು ಅದು ಶುರುವಾಗುತ್ತಿತ್ತು. ಬಾಯಿಪಾಠವೂ ಆಗಿತ್ತು.

ಬಾಯಿಪಾಠವಾದ ಉತ್ತರವನ್ನು ಕೇಳುವವರು ಹೇಗೆ ಗುರುತಿಸುತ್ತಾರೆ ಎಂಬುದನ್ನು ಹೇಳಿ ತಿಳಿಸುವುದಕ್ಕಿಂತ ತೋರಿಸುವುದು ಸುಲಭ. ಮಂಡಿಯ ಹೆಸರು ಬಂದ ಕೂಡಲೇ ನಾನು ನಡುವೆ ಬಾಯಿ ಹಾಕಿ, ‘ಒಂದು ನಿಮಿಷ, ಅಲ್ಲಿ ಲೆಕ್ಕಕ್ಕೆ ಎಷ್ಟು ಜನ ಇದ್ದೀರಿ?’ ಎಂದು ಕೇಳಿದೆ. ‘ಇಬ್ಬರು ಸರ್’ ಎಂದವರು ಎಲ್ಲಿ ಬಿಟ್ಟೆನೆಂದು ಮರೆತು, ವಾಕ್ಯದ ಆರಂಭಕ್ಕೆ ಹೋಗಿ ‘ತೆರಿಗೆ ಅನುಸರಣೆಯಲ್ಲಿ ಗಣನೀಯ...’ ಎಂದು ಮತ್ತೆ ಹಿಡಿದರು. ಮುದ್ರಿಕೆಯಲ್ಲಿ ಇನ್ನೂ ಒಂದು ಲಕ್ಷಣ ಕೇಳಿಸಿತು. ತಾವು ಮಾಡಿದ ಕೆಲಸವನ್ನು ನೆನಪಿಸಿಕೊಂಡು ಹೇಳುವವರು ಅಂಕಿ ಬಂದಾಗ ಚೂರು ನಿಲ್ಲುತ್ತಾರೆ, ಮುಖ್ಯವಾದದ್ದನ್ನು ನಿಧಾನವಾಗಿ ಹೇಳುತ್ತಾರೆ. ಇವರ ಓಟ ಮೊದಲಿನಿಂದ ಕೊನೆಯವರೆಗೂ ಒಂದೇ ವೇಗದಲ್ಲಿತ್ತು, ಗಣಪತಿಯ ಸ್ತೋತ್ರ ಹೇಳಿ ಮುಗಿಸಿದ ಹಾಗೆ.

ಇದಕ್ಕೆ ಎರಡು ಬದಲಾವಣೆ ಮಾಡಿದೆವು. ಮೊದಲನೆಯದು ಭಾಷೆಯದು. ಮಂಡಿಗೆ ಹೊಸದಾಗಿ ಸೇರಿದ ಹುಡುಗಿಗೆ ನಿನ್ನ ಕೆಲಸ ವಿವರಿಸು ಎಂದು ಕೇಳಿದಾಗ ಅವರು ಬಳಸಿದ ಮಾತುಗಳನ್ನೇ ಉಳಿಸಿಕೊಂಡೆವು. ‘ತೆರಿಗೆ ಅನುಸರಣೆಯಲ್ಲಿ ಸುಧಾರಣೆ’ ಹೋಗಿ ‘2ಬಿ ಜೊತೆ ಬಿಲ್ಲು ತಾಳೆ ನೋಡೋದು’ ಬಂತು. ಲೆಕ್ಕದ ಜನ ಪರಸ್ಪರ ಹೀಗೆಯೇ ಮಾತಾಡುತ್ತಾರೆ, ಆದ್ದರಿಂದ ಕೇಳಿದವರಿಗೆ ಇವರು ಆ ಕೆಲಸ ಮಾಡಿದವರೇ ಹೌದು ಎಂಬ ನಂಬಿಕೆ ಬರುತ್ತದೆ. ಎರಡನೆಯದು ನೆನಪಿನದು. ಇಡೀ ಉತ್ತರದಲ್ಲಿ ಮೊದಲ ವಾಕ್ಯ ಮತ್ತು ಕೊನೆಯ ವಾಕ್ಯ ಮಾತ್ರ ಗಟ್ಟಿಯಾಗಿ ಮನಸ್ಸಿನಲ್ಲಿರಲಿ, ನಡುವಿನದಕ್ಕೆ ಮೂರು ಗುರುತು ಸಾಕು ಎಂದು ನಿಶ್ಚಯಿಸಿದೆವು: ಈಗಿನ ಕೆಲಸ, ತಾಳೆಯ ಸಂಗತಿ, ತೀರ್ಥಹಳ್ಳಿಯ ಕಚೇರಿ. ಮೊದಲ ವಾಕ್ಯ ಗಟ್ಟಿಯಾಗಿರಬೇಕಾದ್ದು ಗಾಬರಿ ಹೆಚ್ಚಿರುವುದು ಆಗಲೇ ಎಂಬ ಕಾರಣಕ್ಕೆ. ಕೊನೆಯದು ಗಟ್ಟಿಯಾಗಿರಬೇಕಾದ್ದು ಎಲ್ಲಿ ನಿಲ್ಲಿಸಬೇಕೆಂದು ತಿಳಿಯದವರು ‘ಅಷ್ಟೇ ಸರ್’, ‘ಮತ್ತೆ... ಹವ್ಯಾಸ ಅಂದ್ರೆ’ ಎಂದು ಎಳೆಯುತ್ತಾರೆ ಎಂಬ ಕಾರಣಕ್ಕೆ. ನಡುವಿನ ಭಾಗವನ್ನು ಪ್ರತಿ ಸಲವೂ ಬೇರೆ ಬೇರೆ ಮಾತಿನಲ್ಲಿ ಹೇಳಿಸಿದೆ. ಒಂದೇ ಮಾತು ಎರಡು ಸಲ ಬಂದರೆ ನಿಲ್ಲಿಸಿ ಮತ್ತೆ ಹೇಳಿಸುತ್ತಿದ್ದೆ.

ಬಿಟ್ಟದ್ದು, ಉಳಿಸಿಕೊಂಡದ್ದು

ಹೆಚ್ಚು ಚರ್ಚೆಯಾದದ್ದು ಮನೆಯಲ್ಲಿದ್ದ ಒಂದು ವರ್ಷದ ಬಗ್ಗೆ. ಅದನ್ನು ಮುಚ್ಚಿಡಬೇಕೆಂದು ಅವರ ಬಯಕೆ. ಬಯೋಡೇಟಾದಲ್ಲಿ ಒಂದು ಕೆಲಸ 2021ಕ್ಕೆ ಮುಗಿದು ಇನ್ನೊಂದು 2022ರಲ್ಲಿ ಶುರುವಾಗಿರುವುದು ಕಣ್ಣಿಗೆ ಕಾಣುವಾಗ ಮುಚ್ಚಿಡುವುದು ಆಗದ ಮಾತು. ಹೇಳದಿದ್ದರೆ ಕೇಳುವವರ ಮನಸ್ಸು ಅಲ್ಲೇ ಸಿಕ್ಕಿಕೊಂಡಿರುತ್ತದೆ. ಹಾಗೆಂದು ಕಾಯಿಲೆಯ ವಿವರ, ಆಸ್ಪತ್ರೆಯ ಅಲೆದಾಟ ಎಲ್ಲವನ್ನೂ ಹೇಳಿದರೆ ಉತ್ತರದ ತೂಕವೆಲ್ಲ ಅತ್ತ ಸರಿಯುತ್ತದೆ. ಕಾರಣ ಅರ್ಧ ವಾಕ್ಯದಲ್ಲಿ, ಅದು ಈಗ ಮುಗಿದಿದೆ ಎಂಬುದು ಇನ್ನರ್ಧದಲ್ಲಿ, ಆ ಕೂಡಲೇ ಮುಂದಿನ ಕೆಲಸ: ಹೀಗೆ ಜೋಡಿಸಿದೆವು. ಕ್ಷಮೆ ಕೇಳುವ ಧ್ವನಿ ಬರಬಾರದೆಂದು ಈ ವಾಕ್ಯವೊಂದನ್ನು ಮಾತ್ರ ಹಲವು ಸಲ ಹೇಳಿಸಬೇಕಾಯಿತು.

ಮಂಡಿ ಬಿಡುವ ಕಾರಣವನ್ನೂ ತೂಗಿ ನೋಡಿದೆವು. ಸಂಬಳ ಒಂದು ಕಾರಣವಾಗಿತ್ತು, ಅದು ಸಾರಾಂಶದಲ್ಲಿ ಬರುವಂಥದ್ದಲ್ಲ. ಇನ್ನೊಂದು ಕಾರಣವೂ ಅಷ್ಟೇ ನಿಜ: ಮಂಡಿಯ ಕೆಲಸ ಅಡಿಕೆ ಕೊಯ್ಲಿನೊಂದಿಗೆ ಏರಿ ಇಳಿಯುತ್ತದೆ, ಮಳೆಗಾಲದ ತಿಂಗಳುಗಳಲ್ಲಿ ಕಲಿಯಲು ಹೊಸದೇನೂ ಇರುವುದಿಲ್ಲ, ಮತ್ತು ಕೊಂಡು ಮಾರುವ ಲೆಕ್ಕ ಬಿಟ್ಟು ಉತ್ಪಾದನೆಯ ಲೆಕ್ಕ ಕಲಿಯಬೇಕೆಂಬ ಆಸೆ ಅವರಿಗೆ ಮೊದಲಿನಿಂದ ಇತ್ತು. ಇದನ್ನು ಉಳಿಸಿಕೊಂಡೆವು. ಮಂಡಿಯ ವಹಿವಾಟಿನ ಮೊತ್ತ, ವ್ಯಾಪಾರಿಗಳ ಹೆಸರು, ಯಾರು ರಿಟರ್ನ್ ಸಲ್ಲಿಸದೆ ಸತಾಯಿಸುತ್ತಿದ್ದರು ಎಂಬುದು ಯಾವ ಕಾರಣಕ್ಕೂ ಬಾಯಿಗೆ ಬರಬಾರದೆಂದು ಎಚ್ಚರಿಸಿದೆ. ಸಾಧನೆಗೆ ಅಂಕಿ ಬೇಕು, ನಿಜ. ಆದರೆ ಬಿಲ್ಲುಗಳ ಸಂಖ್ಯೆ ಹೇಳಿದರೆ ಸಾಕಾಗುವಲ್ಲಿ ರೂಪಾಯಿ ಹೇಳುವ ಅಗತ್ಯವಿಲ್ಲ. ಶಿವಮೊಗ್ಗದಂಥ ಊರಿನಲ್ಲಿ ಸಂದರ್ಶಕರಿಗೆ ಆ ಮಂಡಿಯವರ ಪರಿಚಯವಿರುವ ಸಂಭವ ಹೆಚ್ಚು, ಮತ್ತು ಹಳೆಯ ಧಣಿಯ ಲೆಕ್ಕವನ್ನು ಹೊರಗೆ ಹೇಳುವವರು ನಾಳೆ ನಮ್ಮದನ್ನೂ ಹೇಳುತ್ತಾರೆಂದು ಅವರು ಎಣಿಸುವುದರಲ್ಲಿ ತಪ್ಪಿಲ್ಲ.

ಅಂಕಗಳು, ಹವ್ಯಾಸ, ‘ಪ್ರಾಮಾಣಿಕಳು’ ಎಂಬ ಮಾತು ಪೂರ್ತಿ ಹೋದವು.

ಸಂದರ್ಶನದ ಹಿಂದಿನ ದಿನ ಮುದ್ರಿಸಿಕೊಂಡ ಉತ್ತರವನ್ನು ಇದ್ದ ಹಾಗೆ ಕೊಡುತ್ತೇನೆ. ಇದು ಒಂದೂವರೆ ನಿಮಿಷದೊಳಗೆ ಮುಗಿಯುತ್ತದೆ.

‘ನಾನು ಈಗ ಶಿವಮೊಗ್ಗದಲ್ಲಿ ಒಂದು ಅಡಿಕೆ ಮಂಡಿಯಲ್ಲಿ ಅಕೌಂಟ್ಸ್ ನೋಡ್ಕೊಳ್ತಾ ಇದ್ದೀನಿ ಸರ್, ಮೂರು ವರ್ಷ ಆಯ್ತು. ಖರೀದಿ ಬಿಲ್ಲುಗಳನ್ನ ಟ್ಯಾಲಿಗೆ ಹಾಕೋದು, ತಿಂಗಳ ಜಿಎಸ್‌ಟಿ ರಿಟರ್ನಿಗೆ ಲೆಕ್ಕ ರೆಡಿ ಮಾಡಿ ಆಡಿಟರಿಗೆ ಕಳಿಸೋದು ನನ್ನ ಮುಖ್ಯ ಕೆಲಸ. ನಮ್ಮಲ್ಲಿ ತಿಂಗಳಿಗೆ ನೂರರ ಹತ್ತಿರ ಬಿಲ್ಲು ಬರ್ತವೆ. ನಾನು ಸೇರಿದಾಗ ಅವನ್ನ 2ಬಿ ಜೊತೆ ವರ್ಷಕ್ಕೊಂದ್ಸಲ ತಾಳೆ ನೋಡ್ತಿದ್ರು. ಅದನ್ನ ಪ್ರತಿ ತಿಂಗಳೂ 3ಬಿ ಹಾಕೋದ್ರೊಳಗೆ ನೋಡೋ ಹಾಗೆ ಮಾಡ್ದೆ. ಮೊದ್ಲು ಇಪ್ಪತ್ತು ಇಪ್ಪತ್ತೈದು ಬಿಲ್ಲು ಉಳೀತಿತ್ತು, ಈಗ ಮೂರೋ ನಾಲ್ಕೋ ಉಳಿಯುತ್ತೆ. ಅದಕ್ಕಿಂತ ಮೊದ್ಲು ತೀರ್ಥಹಳ್ಳಿಯಲ್ಲಿ ಒಬ್ಬರು ಟ್ಯಾಕ್ಸ್ ಕನ್ಸಲ್ಟೆಂಟ್ ಹತ್ರ ಎರಡು ವರ್ಷ ಇದ್ದೆ, ರಿಟರ್ನ್ ಹಾಕೋದನ್ನ ಕಲಿತದ್ದು ಅಲ್ಲೇ. ನಡುವೆ ಒಂದು ವರ್ಷ ತಂದೆಯವರಿಗೆ ಆಪರೇಷನ್ ಆಗಿ ಮನೇಲಿ ಇರಬೇಕಾಯ್ತು, ಅವರು ಹುಷಾರಾದ ಮೇಲೆ ಮಂಡಿಗೆ ಸೇರ್ದೆ. ಮಂಡಿಯಲ್ಲಿ ಕೊಂಡು ಮಾರೋ ಲೆಕ್ಕ ಚೆನ್ನಾಗಿ ಬಂತು, ಮಾಲು ತಯಾರಾಗೋ ಕಡೆ ಲೆಕ್ಕ ಕಲೀಬೇಕು ಅಂತ ಈ ಕೆಲಸಕ್ಕೆ ಅರ್ಜಿ ಹಾಕಿದ್ದೀನಿ.’

ಇದರಲ್ಲಿ ತಮ್ಮನ್ನು ತಾವು ಹೊಗಳಿಕೊಂಡ ವಿಶೇಷಣ ಒಂದೂ ಇಲ್ಲ. ಪ್ರತಿಯೊಂದು ವಾಕ್ಯವನ್ನೂ ನಾನು ಒಂದೇ ಪರೀಕ್ಷೆಗೆ ಒಡ್ಡಿದ್ದೆ: ಇದನ್ನು ಹಿಡಿದು ಸಂದರ್ಶಕರು ಪ್ರಶ್ನೆ ಕೇಳಿದರೆ ಐದು ನಿಮಿಷ ಮಾತಾಡಬಲ್ಲೆಯಾ? ಮೊದಲಿನ ಕರಡಿನಲ್ಲಿ ‘ಟಿಡಿಎಸ್ ಕೂಡ ನೋಡ್ತೀನಿ’ ಎಂದಿತ್ತು. ವಿಚಾರಿಸಿದರೆ, ಅದನ್ನು ಆಡಿಟರ್ ಕಚೇರಿಯವರೇ ಮಾಡುತ್ತಿದ್ದರು, ಇವರು ಚಲನ್ನಿನ ಪ್ರತಿಯನ್ನು ಫೈಲಿಗೆ ಸೇರಿಸುತ್ತಿದ್ದರು. ಆ ವಾಕ್ಯವನ್ನು ತೆಗೆದೆವು. ಸಾರಾಂಶದಲ್ಲಿ ಹೇಳಿದ ಮಾತು ಮುಂದಿನ ಪ್ರಶ್ನೆಯಾಗಿ ತಿರುಗಿ ಬರುತ್ತದೆಯೆಂದ ಮೇಲೆ, ನಿಲ್ಲಲಾಗದ ಜಾಗಕ್ಕೆ ನಾವೇ ಅವರನ್ನು ಕರೆದುಕೊಂಡು ಹೋಗಬಾರದು.

ಸಂದರ್ಶನದಲ್ಲಿ ನಡೆದದ್ದು

ಸಂದರ್ಶನಕ್ಕೆ ಕಾರ್ಖಾನೆಯ ವ್ಯವಸ್ಥಾಪಕರು ಮತ್ತು ಲೆಕ್ಕಪತ್ರ ವಿಭಾಗದ ಮುಖ್ಯಸ್ಥೆ ಕೂತಿದ್ದರು. ಅಭ್ಯರ್ಥಿ ಅಂದೇ ಸಂಜೆ ಹೇಳಿದ್ದನ್ನು ಬರೆದುಕೊಂಡಿದ್ದೇನೆ. ಪ್ರಶ್ನೆ ನಿರೀಕ್ಷಿಸಿದ ರೂಪದಲ್ಲಿ ಬರಲಿಲ್ಲ. ‘ಬಯೋಡೇಟಾ ನೋಡಿದ್ವಿ. ನೀವೇ ಹೇಳಿ, ಏನೇನು ಮಾಡಿದ್ದೀರಿ?’ ಎಂದು ವ್ಯವಸ್ಥಾಪಕರು ಕನ್ನಡದಲ್ಲೇ ಕೇಳಿದರು. ಕೇಳಿದ ಭಾಷೆಯಲ್ಲೇ ಉತ್ತರಿಸಬೇಕೆಂದು ಮೊದಲೇ ಮಾತಾಗಿದ್ದರಿಂದ, ಮತ್ತು ನೆನಪಿನಲ್ಲಿದ್ದದ್ದು ವಾಕ್ಯಗಳಲ್ಲದೆ ಗುರುತುಗಳಾದ್ದರಿಂದ, ಅದರಿಂದ ತೊಂದರೆಯಾಗಲಿಲ್ಲ. ಇಂಗ್ಲಿಷಿನಲ್ಲಿ ಕೇಳಿದ್ದರೆ ಅದೇ ಮೂರು ಗುರುತುಗಳನ್ನು ಇಂಗ್ಲಿಷಿನಲ್ಲಿ ಹೇಳುವ ಅಭ್ಯಾಸವನ್ನೂ ಮಾಡಿಸಿದ್ದೆ.

2ಬಿ ಮಾತು ಬಂದ ಕೂಡಲೇ ಮುಖ್ಯಸ್ಥೆ ನಡುವೆ ತಡೆದು, ‘ರಿಟರ್ನ್ ಹಾಕದೆ ಇರೋ ಪಾರ್ಟಿ ಇದ್ರೆ ಏನ್ ಮಾಡ್ತೀರಿ?’ ಎಂದು ಕೇಳಿದರು. ಮೊದಲು ಫೋನ್, ಆಮೇಲೆ ಬಿಲ್ಲಿನ ನಂಬರು ದಿನಾಂಕ ಹಾಕಿ ಮೆಸೇಜು, ಆಗಲೂ ಬಾರದಿದ್ದರೆ ಮುಂದಿನ ಪಾವತಿಯಲ್ಲಿ ತೆರಿಗೆಯ ಮೊತ್ತವನ್ನು ತಡೆಹಿಡಿಯಬೇಕೇ ಎಂದು ಧಣಿಯವರನ್ನು ಕೇಳುವುದು, ತಡೆಹಿಡಿಯುವ ತೀರ್ಮಾನ ತನ್ನದಲ್ಲ ಎಂದು ಇವರು ವಿವರಿಸಿದರು. ಅಲ್ಲಿಂದ ಮಾತು ಆ ತಾಳೆಯ ಸುತ್ತಲೇ ಬಹಳ ಹೊತ್ತು ನಡೆಯಿತು. ಸಾರಾಂಶದ ಉಳಿದ ಅರ್ಧವನ್ನು ಹೇಳುವ ಅವಕಾಶವೇ ಬರಲಿಲ್ಲ, ಅವರು ಹಿಂತಿರುಗಿ ಹೇಳಲೂ ಹೋಗಲಿಲ್ಲ. ಹಾಗೆ ಬಿಟ್ಟದ್ದು ಸರಿ. ಸಂದರ್ಶಕರು ತಾವಾಗಿ ಬೇಕಾದ ಕಡೆ ಇಳಿದಾಗ ಉತ್ತರ ಅಲ್ಲಿಗೆ ಮುಗಿಯಿತೆಂದೇ ತಿಳಿಯಬೇಕು. ಮನೆಯಲ್ಲಿದ್ದ ವರ್ಷದ ಪ್ರಶ್ನೆ ಆಮೇಲೆ ಬಂತು, ಸಿದ್ಧವಾಗಿದ್ದ ಒಂದು ವಾಕ್ಯಕ್ಕೆ ವ್ಯವಸ್ಥಾಪಕರು ‘ಈಗ ಹೇಗಿದ್ದಾರೆ ತಂದೆ?’ ಎಂದು ಕೇಳಿ ಮುಂದೆ ಹೋದರು. ಜಾಬ್ ವರ್ಕಿನ ಪ್ರಶ್ನೆಯೂ ಬಂತು. ಗೋದಾಮಿನ ಚೀಲಗಳ ಲೆಕ್ಕದ ಮಾತನ್ನು ಮುಖ್ಯಸ್ಥೆ ಒಪ್ಪಿಕೊಂಡರಾದರೂ, ಚಲನ್ನುಗಳ ಮೇಲ್ವಿಚಾರಣೆಯನ್ನು ಮೊದಲ ಆರು ತಿಂಗಳು ಕೊಡುವುದಿಲ್ಲವೆಂದು ಅಲ್ಲೇ ಹೇಳಿದರು. ಎರಡನೆಯ ಸುತ್ತು ಟ್ಯಾಲಿಯ ಪ್ರಾಯೋಗಿಕ ಪರೀಕ್ಷೆ. ಅದಾದ ಮೇಲೆ ಕೆಲಸ ಸಿಕ್ಕಿತು.

ಅದೇ ಅನುಭವ, ಬೇರೆ ಸಾರಾಂಶ

ಫೌಂಡ್ರಿಯ ಫಲಿತಾಂಶ ಬರುವ ಮೊದಲು ಅವರಿಗೆ ಒಂದು ಪತ್ತಿನ ಸಹಕಾರ ಸಂಘದಿಂದಲೂ ಕರೆ ಬಂದಿತ್ತು. ತಯಾರಾದ ಉತ್ತರವನ್ನೇ ಅಲ್ಲಿಯೂ ಹೇಳಬಹುದಲ್ಲವೇ ಎಂದು ಕೇಳಿದರು. ಅಲ್ಲಿ ಕೆಲಸ ಸದಸ್ಯರ ಸಾಲದ ಖಾತೆ ನೋಡಿಕೊಳ್ಳುವುದು, ಸದಸ್ಯರಲ್ಲಿ ಹೆಚ್ಚಿನವರು ಅಡಿಕೆ ಬೆಳೆಗಾರರು. ಅವರಿಗೆ 2ಬಿ ತಾಳೆಯಿಂದ ಆಗಬೇಕಾದ್ದು ಕಡಿಮೆ. ಫೌಂಡ್ರಿಯ ಉತ್ತರದಲ್ಲಿ ಒಂದು ಮಾತೂ ಬಾರದಿದ್ದ ಕೆಲಸವೊಂದು ಇಲ್ಲಿ ಮುಂದೆ ಬಂತು: ಮಂಡಿಯಲ್ಲಿ ಬೆಳೆಗಾರರ ಖಾತೆ ನೋಡುವುದು, ಕೊಟ್ಟ ಮುಂಗಡವನ್ನು ಅಡಿಕೆ ಮಾರಾಟವಾದಾಗ ಮುರಿದುಕೊಂಡು ಉಳಿದ ಹಣದ ಲೆಕ್ಕವನ್ನು ಬೆಳೆಗಾರರ ಎದುರಿಗೇ ವಿವರಿಸಿ ಕೊಡುವುದು. ತೆರಿಗೆಯ ಕೆಲಸ ಒಂದು ವಾಕ್ಯಕ್ಕೆ ಇಳಿಯಿತು.

ಮೊದಲ ದಿನ ನಾನು ತೆಗೆಸಿಹಾಕಿದ್ದ ‘ನಮ್ಮ ತಂದೆಯವರು ಕೃಷಿಕರು’ ಎಂಬ ವಿಷಯವೂ ಇಲ್ಲಿ ಬೇಕಾಯಿತು, ಬೇರೆ ರೂಪದಲ್ಲಿ: ‘ಮನೇಲಿ ಅಡಿಕೆ ತೋಟ ಇದೆ, ಒಂದು ವರ್ಷ ನಾನೇ ನೋಡ್ಕೊಂಡಿದ್ದೆ, ಬೆಳೆಗಾರರ ಕೈಗೆ ದುಡ್ಡು ಯಾವಾಗ ಬರುತ್ತೆ ಯಾವಾಗ ಖರ್ಚಿರುತ್ತೆ ಅನ್ನೋದು ಗೊತ್ತಿದೆ.’ ಸಾಲದ ಕಂತು ಕೇಳುವ ಕೆಲಸಕ್ಕೆ ಇದು ನೇರವಾಗಿ ಸಂಬಂಧಿಸಿದ ತಿಳಿವಳಿಕೆ, ಮತ್ತು ಫೌಂಡ್ರಿಯ ಎದುರು ವಿವರಣೆ ಬೇಡಿದ್ದ ಆ ಒಂದು ವರ್ಷ ಇಲ್ಲಿ ಅನುಭವದ ಸಾಲಿಗೇ ಸೇರಿತು. ಸಂಘದ ಸಂದರ್ಶನದಲ್ಲಿ ಆಡಳಿತ ಮಂಡಳಿಯ ಹಲವರು ಕೂತಿರುತ್ತಾರೆ, ಒಬ್ಬೊಬ್ಬರ ಪಾಲಿಗೆ ಸಿಗುವ ಸಮಯ ಸ್ವಲ್ಪ. ಆದ್ದರಿಂದ ಅಲ್ಲಿಗೆಂದು ಸಿದ್ಧಪಡಿಸಿದ ಉತ್ತರವನ್ನು ಒಂದು ನಿಮಿಷದೊಳಗೆ ನಿಲ್ಲಿಸಿ, ತೀರ್ಥಹಳ್ಳಿಯ ಕಚೇರಿಯ ಮಾತನ್ನು ಯಾರಾದರೂ ಕೇಳಿದರೆ ಹೇಳಲೆಂದು ಬಿಟ್ಟೆವು.